ಪಿಪಿಪಿ ಲೆಕ್ಕದಲ್ಲಿ ನಮ್ಮ ಕರೆನ್ಸಿ ಅಗ್ಗ. ಹಾಗಾದರೆ ಅದು ಏರುವುದು ಯಾವಾಗ?

ಪ್ರಶ್ನೆ: ನಾನು ಒಂದು ಸಣ್ಣ ರಫ್ತು ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಎಂಟು ತಿಂಗಳ ನಂತರ ನಮಗೆ ಡಾಲರ್‌ನಲ್ಲಿ ದೊಡ್ಡ ಮೊತ್ತ ಬರಬೇಕಿದೆ. ವಿಶ್ವಬ್ಯಾಂಕಿನ ಪಿಪಿಪಿ, ಅಂದರೆ ಕೊಳ್ಳುವ ಶಕ್ತಿಯ ಸಮಾನತೆಯ ಅಂಕಿ ನೋಡಿದರೆ ನಮ್ಮ ಕರೆನ್ಸಿ ಅದರ ನಿಜವಾದ ಬೆಲೆಯ ಅರ್ಧಕ್ಕಿಂತ ಕಡಿಮೆಗೆ ಬಿಕರಿಯಾಗುತ್ತಿದೆ. "ಇದು ಏರಲೇಬೇಕು, ಬರುವ ಡಾಲರನ್ನೆಲ್ಲ ಈಗಲೇ ಇವತ್ತಿನ ದರಕ್ಕೆ ಮಾರಿಬಿಡಿ" ಅಂತ ನಮ್ಮ ಮಾಲೀಕರು ಹೇಳುತ್ತಾರೆ. ಆದರೆ ನಾನು ನೋಡಿದ ಹತ್ತು ವರ್ಷವೂ ಅದು ಇಳಿಯುತ್ತಲೇ ಇದೆ. ಸಿದ್ಧಾಂತ ತಪ್ಪಾ, ಮಾರುಕಟ್ಟೆ ತಪ್ಪಾ? ನಾನೇನು ಮಾಡಲಿ?

ಉತ್ತರ: ಎರಡೂ ತಪ್ಪಲ್ಲ. ನಿಮ್ಮ ಮಾಲೀಕರು ಒಂದು ಕೆಲಸಕ್ಕೆಂದು ಮಾಡಿದ ಅಂಕಿಯನ್ನು ಇನ್ನೊಂದು ಕೆಲಸಕ್ಕೆ ಬಳಸುತ್ತಿದ್ದಾರೆ, ಅಷ್ಟೇ. ನೀವು ಯಾವ ದೇಶದವರು ಅಂತ ಬರೆದಿಲ್ಲ. ಉತ್ತರಕ್ಕೆ ಅದು ಬೇಕಾಗೂ ಇಲ್ಲ.

ಮೊದಲು ಆ ವಿಶ್ವಬ್ಯಾಂಕಿನ ಅಂಕಿಯ ವಿಷಯ. ಅದನ್ನು ಮಾಡುವುದು ದೇಶ ದೇಶಗಳ ಜೀವನಮಟ್ಟ ಹೋಲಿಸುವುದಕ್ಕೆ. ಒಂದು ದೊಡ್ಡ ಪಟ್ಟಿಯ ವಸ್ತುಗಳು ಮತ್ತು ಸೇವೆಗಳು ಪ್ರತಿ ದೇಶದಲ್ಲೂ ಎಷ್ಟಕ್ಕೆ ಸಿಗುತ್ತವೆ ಎಂದು ಬೆಲೆ ಹಿಡಿಯುತ್ತಾರೆ. ಆ ಪಟ್ಟಿಯಲ್ಲಿ ಮನೆ ಬಾಡಿಗೆ ಇದೆ, ಕ್ಷೌರ ಇದೆ, ಮೇಷ್ಟ್ರ ಸಂಬಳ ಇದೆ, ಆಸ್ಪತ್ರೆಯ ಖರ್ಚು ಇದೆ. ಇವು ಯಾವುವೂ ಹಡಗು ಹತ್ತುವುದಿಲ್ಲ. ಸಂಬಳ ಕಡಿಮೆ ಇರುವ ದೇಶದಲ್ಲಿ ಕ್ಷೌರ ಅಗ್ಗ. ಆ ಅಗ್ಗದ ಕ್ಷೌರವನ್ನು ಯಾರೂ ಕಂಟೇನರ್‌ನಲ್ಲಿ ತುಂಬಿ ದುಬಾರಿ ದೇಶದಲ್ಲಿ ಮಾರಲಾರರು. ಮಾರಲಾಗದಿದ್ದರೆ ಆ ವ್ಯತ್ಯಾಸ ವಿನಿಮಯ ದರವನ್ನು ಎಳೆಯುವುದೂ ಇಲ್ಲ. ಅರ್ಥಶಾಸ್ತ್ರಜ್ಞರಾದ ಬೆಲಾ ಬಲಾಸಾ ಮತ್ತು ಪಾಲ್ ಸ್ಯಾಮುಯೆಲ್ಸನ್ ಇಬ್ಬರೂ 1964ರಲ್ಲಿ ಬೇರೆಬೇರೆಯಾಗಿ ಹೇಳಿದ್ದು ಇದನ್ನೇ. ಬಡ ದೇಶದ ಕರೆನ್ಸಿ ಈ ಲೆಕ್ಕದಲ್ಲಿ ಯಾವಾಗಲೂ ಅಗ್ಗವಾಗಿಯೇ ಕಾಣುತ್ತದೆ. ದೇಶದ ಉತ್ಪಾದಕತೆ ಮೇಲೇರಿ ಸಂಬಳ ಹೆಚ್ಚುತ್ತಾ ಹೋದಂತೆ ಆ ಅಂತರ ಕರಗುತ್ತದೆ. ಅದು ತಲೆಮಾರುಗಳ ಕೆಲಸ. ನಿಮ್ಮ ಎಂಟು ತಿಂಗಳಿಗೂ ಅದಕ್ಕೂ ಸಂಬಂಧವೇ ಇಲ್ಲ.

ವಿನಿಮಯ ದರದ ಬಗ್ಗೆ ಮಾತಾಡುವ ಪಿಪಿಪಿ ಬೇರೆ. ಅದರ ಹಿಂದಿರುವವರು ಸ್ವೀಡನ್ನಿನ ಅರ್ಥಶಾಸ್ತ್ರಜ್ಞ ಗುಸ್ಟಾವ್ ಕಾಸೆಲ್. ಮೊದಲ ಮಹಾಯುದ್ಧದಲ್ಲಿ ಕರೆನ್ಸಿಗಳಿಗೂ ಚಿನ್ನಕ್ಕೂ ಇದ್ದ ಗಂಟು ಬಿಚ್ಚಿಹೋಗಿತ್ತು. ಒಂದೊಂದು ದೇಶದಲ್ಲಿ ಬೆಲೆ ಒಂದೊಂದು ರೀತಿ ಏರಿತ್ತು. ಇನ್ನು ಮುಂದೆ ಒಂದು ಕರೆನ್ಸಿಗೆ ಇನ್ನೊಂದರ ಲೆಕ್ಕದಲ್ಲಿ ಎಷ್ಟು ಬೆಲೆ ಕಟ್ಟಬೇಕು ಎನ್ನುವುದು ಆಗಿನ ಪ್ರಶ್ನೆ. ಕಾಸೆಲ್ ಕೊಟ್ಟ ಉತ್ತರ ಸರಳ. ಯುದ್ಧಕ್ಕೆ ಮುಂಚಿನ ದರ ತೆಗೆದುಕೊಳ್ಳಿ, ಎರಡು ದೇಶಗಳಲ್ಲಿ ಬೆಲೆ ಏರಿದ ಪ್ರಮಾಣಕ್ಕೆ ತಕ್ಕಂತೆ ಅದನ್ನು ಸರಿಮಾಡಿ. 1918ರಲ್ಲಿ ಅದಕ್ಕೆ 'ಕೊಳ್ಳುವ ಶಕ್ತಿಯ ಸಮಾನತೆ' ಅಂತ ಹೆಸರಿಟ್ಟರು. ಇಲ್ಲಿ ಯಾರ ಬೆಲೆ ಎಷ್ಟು ಎನ್ನುವುದು ಮುಖ್ಯವಲ್ಲ. ಯಾರ ಬೆಲೆ ಎಷ್ಟು ಬೇಗ ಏರುತ್ತಿದೆ ಎನ್ನುವುದು ಮುಖ್ಯ.

ಈಗ ನಿಮ್ಮ ಹತ್ತು ವರ್ಷ ನೋಡಿ. ನಿಮ್ಮಲ್ಲಿ ಹಣದುಬ್ಬರ ವರ್ಷಕ್ಕೆ 5%, ಅಮೆರಿಕದಲ್ಲಿ 2.5% ಇತ್ತು ಅಂತ ಸುಮ್ನೆ ಒಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಕಾಸೆಲ್ ಪ್ರಕಾರ ನಿಮ್ಮ ಕರೆನ್ಸಿ ವರ್ಷಕ್ಕೆ ಸುಮಾರು 2.4% ಇಳಿಯಬೇಕು. ಹತ್ತು ವರ್ಷಕ್ಕೆ 21%. ಅಂದರೆ ನೀವು ನೋಡಿದ ಇಳಿತವನ್ನು ಸಿದ್ಧಾಂತ ಸುಳ್ಳಾದದ್ದಕ್ಕೆ ಸಾಕ್ಷಿ ಅಂತ ಹೇಳುವ ಹಾಗಿಲ್ಲ. ಸಿದ್ಧಾಂತ ಹೇಳಿದ್ದೇ ಅದು ಇರಬಹುದು. ನಿಮ್ಮ ದೇಶದ ಹತ್ತು ವರ್ಷದ ಬೆಲೆ ಸೂಚ್ಯಂಕ ಹಿಡಿದು ಈ ಲೆಕ್ಕ ಒಮ್ಮೆ ಮಾಡಿ ನೋಡಿ. ಅರ್ಧ ಗಂಟೆ ಸಾಕು. ಮಾಲೀಕರ ಮುಂದೆ ಇಡಲು ಒಳ್ಳೆಯ ಕಾಗದವಾಗುತ್ತದೆ.

ಬೆಲೆ ಭಯಂಕರವಾಗಿ ಏರುವಾಗ ಈ ಸಿದ್ಧಾಂತ ಚೆನ್ನಾಗಿ ಕೆಲಸ ಮಾಡುತ್ತದೆ. 1914ರಲ್ಲಿ ಒಂದು ಡಾಲರಿಗೆ ಜರ್ಮನಿಯ ಕರೆನ್ಸಿಯಾದ ಮಾರ್ಕ್ 4.2 ಇತ್ತು. 1923ರ ನವೆಂಬರ್ ಹೊತ್ತಿಗೆ 4.2 ಲಕ್ಷ ಕೋಟಿ ಮಾರ್ಕ್. ಜರ್ಮನಿಯ ಒಳಗೆ ಬೆಲೆಗಳು ಏರಿದ್ದೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ. ಅಷ್ಟು ದೊಡ್ಡ ಉಬ್ಬರದ ಮುಂದೆ ಬೇರೆ ಕಾರಣಗಳೆಲ್ಲ ಧೂಳಿನ ಸಮಾನ. ಕಷ್ಟ ಶುರುವಾಗುವುದು ಎರಡು ದೇಶಗಳ ಹಣದುಬ್ಬರದ ವ್ಯತ್ಯಾಸ ಸಣ್ಣದಿದ್ದಾಗ. ಅದಕ್ಕೂ ಜರ್ಮನಿಯದೇ ಕಥೆ ಇದೆ, ಅರವತ್ತು ವರ್ಷ ಆಮೇಲಿನದು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಿಮ್ಮ ಪ್ರಶ್ನೆಯ ಉತ್ತರ ಇದರೊಳಗೇ ಇದೆ.

1980ರಲ್ಲಿ ಒಂದು ಡಾಲರಿಗೆ ಸರಾಸರಿ 1.82 ಮಾರ್ಕ್. ಮುಂದಿನ ಐದು ವರ್ಷದಲ್ಲಿ ಅಮೆರಿಕದ ಗ್ರಾಹಕ ಬೆಲೆಗಳು ಸುಮಾರು 31% ಏರಿದವು. ಪಶ್ಚಿಮ ಜರ್ಮನಿಯಲ್ಲಿ ಸುಮಾರು 21%. ಬೆಲೆ ಜಾಸ್ತಿ ಏರಿದ್ದು ಅಮೆರಿಕದಲ್ಲಿ, ಆದ್ದರಿಂದ ಡಾಲರ್ ಇಳಿಯಬೇಕು. ಕಾಸೆಲ್ ಲೆಕ್ಕದಲ್ಲಿ 1985ರ ದರ ಸುಮಾರು 1.68 ಮಾರ್ಕ್ ಆಗಬೇಕಿತ್ತು. ಆಗಿದ್ದೇನು? 1985ರ ಸರಾಸರಿ 2.94. ಆ ವರ್ಷದ ಫೆಬ್ರವರಿಯಲ್ಲಂತೂ 3.40 ದಾಟಿತ್ತು. ದರ ತಪ್ಪಿದ್ದು ಅಳತೆಯಲ್ಲಿ ಮಾತ್ರ ಅಲ್ಲ, ಹೋದ ದಿಕ್ಕೇ ಉಲ್ಟಾ.

ಇಲ್ಲಿ ಒಬ್ಬ ಜಾಣನನ್ನು ಊಹಿಸಿಕೊಳ್ಳಿ. 1982ರಲ್ಲಿ ಅವನು ಇದೇ ಲೆಕ್ಕ ಮಾಡುತ್ತಾನೆ. ಪಿಪಿಪಿ ದರ ಸುಮಾರು 1.74, ಮಾರುಕಟ್ಟೆ ದರ 2.43. ಡಾಲರ್ 40% ದುಬಾರಿ. "ಇನ್ನೇನು ಬಿದ್ದೇ ಬೀಳುತ್ತೆ" ಅಂತ ಅವನು ಡಾಲರ್ ಮಾರಿ ಮಾರ್ಕ್ ಕೊಳ್ಳುತ್ತಾನೆ. ಮುಂದಿನ ಎರಡೂವರೆ ಮೂರು ವರ್ಷದಲ್ಲಿ ಡಾಲರ್ ಇನ್ನೂ 40% ಏರುತ್ತದೆ. ಅಷ್ಟರಲ್ಲಿ ಅವನ ಬ್ಯಾಂಕು ಅವನನ್ನು ಮನೆಗೆ ಕಳಿಸಿರುತ್ತದೆ. ಆದರೆ ಅವನ ಲೆಕ್ಕ ಸುಳ್ಳಾಗಿರಲಿಲ್ಲ. 1985ರ ಫೆಬ್ರವರಿಯ ನಂತರ ಡಾಲರ್ ಜಾರತೊಡಗಿತು. ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಐದು ದೇಶಗಳು ಡಾಲರ್ ಇಳಿಸಲು ಒಪ್ಪಿಕೊಂಡ ಮೇಲೆ ಇನ್ನೂ ಬೇಗ ಇಳಿಯಿತು. 1987ರ ಸರಾಸರಿ 1.80. ಪಿಪಿಪಿ ಲೆಕ್ಕದಲ್ಲಿ ಆ ಹೊತ್ತಿಗೆ ಸುಮಾರು 1.60 ಆಗಬೇಕಿತ್ತು. ಪೂರ್ತಿ ಕೂಡಲಿಲ್ಲ, ಆದರೆ ಹತ್ತಿರ ಬಂತು. ಏಳು ವರ್ಷ ಹಿಡಿಯಿತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಈ ಲೆಕ್ಕವೆಲ್ಲ 1980ರ ದರ 'ಸರಿ' ಇತ್ತು ಎನ್ನುವ ನಂಬಿಕೆಯ ಮೇಲೆ ನಿಂತಿದೆ. ಬೇರೆ ವರ್ಷದಿಂದ ಶುರುಮಾಡಿದರೆ ಬೇರೆ ಉತ್ತರ ಬರುತ್ತದೆ. ಯಾರಾದರೂ ನಿಮಗೆ ಪಿಪಿಪಿ ಗ್ರಾಫ್ ತೋರಿಸಿದರೆ ಮೊದಲು ಎಡತುದಿಯಲ್ಲಿ ಯಾವ ವರ್ಷ ಇದೆ ನೋಡಿ. ಅದನ್ನು ಅವರು ಯಾಕೆ ಆರಿಸಿಕೊಂಡರು ಅಂತ ಕೇಳಿ.

ಸರಿ, ಆ ಐದು ವರ್ಷ ವ್ಯಾಪಾರಿಗಳು ಏನು ಮಾಡುತ್ತಿದ್ದರು? ಒಂದೇ ವಸ್ತು ಜರ್ಮನಿಯಲ್ಲಿ ಅಗ್ಗ, ಅಮೆರಿಕದಲ್ಲಿ ದುಬಾರಿ ಆದರೆ ಇಲ್ಲಿ ಕೊಂಡು ಅಲ್ಲಿ ಮಾರಬೇಕು ಅಲ್ವಾ? ಪಿಪಿಪಿಯನ್ನು ನಡೆಸುವ ಎಂಜಿನ್ನೇ ಅದು. ಒಂದು ವಸ್ತುವಿನ ವಿಷಯದಲ್ಲಿ ಅದು ನಿಜಕ್ಕೂ ನಡೆಯಿತು: ಜರ್ಮನ್ ಕಾರು.

ಡಾಲರ್ ಬಲಿತಂತೆ ಮರ್ಸಿಡಿಸ್ ಕಾರನ್ನು ಜರ್ಮನಿಯಲ್ಲೇ ಕೊಳ್ಳುವುದು ಅಮೆರಿಕನ್ನರಿಗೆ ಬಹಳ ಅಗ್ಗವಾಯಿತು. ಆದರೆ ಅಮೆರಿಕದ ಶೋರೂಮಿನ ಬೆಲೆಪಟ್ಟಿ ಅದಕ್ಕೆ ತಕ್ಕಂತೆ ಇಳಿಯಲಿಲ್ಲ. ಅಲ್ಲಿನ ಗಿರಾಕಿ ಹಳೆಯ ಡಾಲರ್ ಬೆಲೆ ಕೊಡಲು ತಯಾರಿದ್ದ. ಹಾಗಿರುವಾಗ ಕಂಪನಿ ಯಾಕೆ ಇಳಿಸುತ್ತದೆ? ಲಾಭವನ್ನು ಜೇಬಿಗೆ ಹಾಕಿಕೊಂಡಿತು. ಅರ್ಥಶಾಸ್ತ್ರಜ್ಞ ಪಾಲ್ ಕ್ರುಗ್‌ಮನ್ ಈ ನಡವಳಿಕೆಯನ್ನು ಆಗಲೇ ಅಧ್ಯಯನ ಮಾಡಿದರು. ಆಯಾ ಮಾರುಕಟ್ಟೆಗೆ ತಕ್ಕ ಬೆಲೆ ಇಡುವುದು ಅಂತ ಅದಕ್ಕೆ ಹೆಸರು. ಈ ಅಂತರ ನೋಡಿ ಜನರು ಮತ್ತು ಸಣ್ಣ ದಲ್ಲಾಳಿಗಳು ನೇರವಾಗಿ ಯುರೋಪಿನಿಂದ ಕಾರು ತರಿಸತೊಡಗಿದರು. 'ಗ್ರೇ ಮಾರ್ಕೆಟ್' ಅಂತ ಅದನ್ನು ಕರೆದರು.

ಆ ಕಾರನ್ನು ಹಡಗಿನಿಂದ ಇಳಿಸಿದ ಕೂಡಲೇ ಓಡಿಸುವ ಹಾಗಿರಲಿಲ್ಲ. ಯುರೋಪಿನ ಹೆಡ್‌ಲೈಟ್ ತೆಗೆದು ಅಮೆರಿಕದ ನಿಯಮದ್ದು ಹಾಕಬೇಕು. ಬಂಪರ್ ಬದಲಿಸಬೇಕು. ಬಾಗಿಲುಗಳ ಒಳಗೆ ಉಕ್ಕಿನ ಪಟ್ಟಿ ಕೂರಿಸಬೇಕು. ಹೊಗೆ ಕಡಿಮೆ ಮಾಡುವ ಸಾಧನ ಸೇರಿಸಿ ಪರೀಕ್ಷೆ ಪಾಸು ಮಾಡಿಸಬೇಕು. ಇದಕ್ಕೆಂದೇ ಗ್ಯಾರೇಜುಗಳು ಹುಟ್ಟಿಕೊಂಡವು. ಒಂದೊಂದು ಕಾರಿಗೆ ಸಾವಿರಾರು ಡಾಲರ್, ವಾರಗಟ್ಟಲೆ ಸಮಯ. ಕಂಪನಿಯ ವಾರಂಟಿ ಸಿಗುವ ಭರವಸೆ ಇಲ್ಲ. ಈ ಖರ್ಚೆಲ್ಲ ಕಳೆದ ಮೇಲೂ ಲಾಭ ಉಳಿಯಬೇಕಾದರೆ ಎರಡು ಕಡೆಯ ಬೆಲೆಯಲ್ಲಿ ದೊಡ್ಡ ಅಂತರವೇ ಬೇಕು. ಅಂತರ ಸಣ್ಣದಿದ್ದರೆ ಯಾರೂ ಕೈ ಹಾಕುವುದಿಲ್ಲ, ಅದು ಹಾಗೇ ಉಳಿಯುತ್ತದೆ.

1985ರಲ್ಲಿ ಹೀಗೆ ಬಂದ ವಾಹನಗಳು 60,000 ಮೀರಿದ್ದವು. ದೊಡ್ಡ ಸಂಖ್ಯೆ ಅನಿಸುತ್ತದೆ. ಆದರೆ ಆ ವರ್ಷ ಅಮೆರಿಕದಲ್ಲಿ ಒಂದು ಕೋಟಿಗೂ ಹೆಚ್ಚು ಹೊಸ ಕಾರು ಮಾರಾಟವಾದವು. ಡಾಲರ್ ಇಷ್ಟು ದಿಕ್ಕುತಪ್ಪಿದ್ದಾಗಲೂ, ಸಾಗಿಸಲು ಇಷ್ಟು ಯೋಗ್ಯವಾದ ದುಬಾರಿ ವಸ್ತುವಿನಲ್ಲೂ ಆರ್ಬಿಟ್ರಾಜ್, ಅಂದರೆ ಅಗ್ಗದ ಕಡೆ ಕೊಂಡು ದುಬಾರಿ ಕಡೆ ಮಾರುವ ವ್ಯಾಪಾರ, ಮುಟ್ಟಿದ್ದು ಅಷ್ಟೇ. ಕೊನೆಗೆ 1988ರಲ್ಲಿ ಅಮೆರಿಕ ಕಾನೂನು ಬಿಗಿಮಾಡಿ ಆ ದಾರಿಯನ್ನೂ ಬಹುಪಾಲು ಮುಚ್ಚಿತು.

ಇಲ್ಲಿಗೆ ಅರ್ಧ ಉತ್ತರ ಆಯಿತು. ಸರಕಿನ ವ್ಯಾಪಾರ ಅಂತರವನ್ನು ಮುಚ್ಚುತ್ತದೆ, ಆದರೆ ಬಹಳ ನಿಧಾನವಾಗಿ. ಬೆಲೆಪಟ್ಟಿಗಳು ತಿಂಗಳುಗಟ್ಟಲೆ ಬದಲಾಗುವುದಿಲ್ಲ, ಒಪ್ಪಂದಗಳು ವರ್ಷಕ್ಕೆ ಇರುತ್ತವೆ, ಹೊಸ ಪೂರೈಕೆದಾರನನ್ನು ಹುಡುಕಲು ಇನ್ನೊಂದು ವರ್ಷ. ರಫ್ತಿನಲ್ಲಿರುವ ನಿಮಗೆ ಇದನ್ನು ನಾನು ಹೇಳಬೇಕಾಗಿಲ್ಲ.

ಉಳಿದರ್ಧ: ಆ ಅಂತರ ಹುಟ್ಟಿದ್ದಾದರೂ ಹೇಗೆ?

ವಿನಿಮಯ ದರವನ್ನು ದಿನದಿಂದ ದಿನಕ್ಕೆ ನಿರ್ಧರಿಸುವವರು ಸರಕು ಕೊಳ್ಳುವವರಲ್ಲ. 2022ರ ಏಪ್ರಿಲ್‌ನ ಸಮೀಕ್ಷೆ ಪ್ರಕಾರ ಜಗತ್ತಿನ ವಿದೇಶಿ ವಿನಿಮಯ ಮಾರುಕಟ್ಟೆಯಲ್ಲಿ ದಿನಕ್ಕೆ 7.5 ಲಕ್ಷ ಕೋಟಿ ಡಾಲರ್ ವಹಿವಾಟು ನಡೆಯುತ್ತಿತ್ತು. ಇಡೀ ಜಗತ್ತಿನ ಸರಕು ರಫ್ತು ಇಡೀ ವರ್ಷಕ್ಕೆ ಸುಮಾರು 25 ಲಕ್ಷ ಕೋಟಿ ಡಾಲರ್. ಅಂದರೆ ವರ್ಷದ ರಫ್ತಿನಷ್ಟು ಹಣ ಅಲ್ಲಿ ನಾಲ್ಕು ದಿನದೊಳಗೆ ಕೈಬದಲಾಗುತ್ತದೆ. ಅಲ್ಲಿರುವವರು ಬಡ್ಡಿ ನೋಡುತ್ತಾರೆ, ಬಾಂಡ್ ನೋಡುತ್ತಾರೆ, ನಾಳೆ ಕೇಂದ್ರ ಬ್ಯಾಂಕ್ ಏನು ಮಾಡಬಹುದು ಅಂತ ನೋಡುತ್ತಾರೆ. ಸರಕಿನ ಬೆಲೆ ಆಮೆಯ ಹಾಗೆ, ಈ ಹಣ ಮೊಲದ ಹಾಗೆ. ಕಥೆಯಲ್ಲಿರುವಂತೆ ಆಮೆಯೇ ಗೆಲ್ಲಬಹುದು. ಆದರೆ ಮೊಲ ಇಲ್ಲಿ ಮಲಗುವುದೇ ಇಲ್ಲ.

1979ರ ಅಕ್ಟೋಬರ್‌ನಿಂದ ಅಮೆರಿಕದ ಕೇಂದ್ರ ಬ್ಯಾಂಕಿನ ಮುಖ್ಯಸ್ಥ ಪಾಲ್ ವೋಲ್ಕರ್ ಹಣದುಬ್ಬರ ಇಳಿಸಲೆಂದು ಹಣದ ಹರಿವು ಬಿಗಿಮಾಡಿದರು. 1981ರಲ್ಲಿ ಅಲ್ಪಾವಧಿ ಬಡ್ಡಿ 20% ಹತ್ತಿರ ಹೋಯಿತು. ಮೇಲಿಂದ ಸರ್ಕಾರವೂ ಭಾರಿ ಸಾಲ ಮಾಡುತ್ತಿತ್ತು. ಬಡ್ಡಿಯ ಆಸೆಗೆ ಜಗತ್ತಿನ ಹಣ ಡಾಲರಿಗೆ ಹರಿಯಿತು. ಡಾಲರ್ ಏರಿತು. ಹಣದುಬ್ಬರ ಏನು ಹೇಳುತ್ತಿತ್ತು ಅಂತ ಆಗ ಕೇಳಿದವರಿಲ್ಲ.

ಇಂಥ ಜಿಗಿತ ಹುಚ್ಚುತನವಲ್ಲ ಎಂದು ಅರ್ಥಶಾಸ್ತ್ರಜ್ಞ ರೂಡಿ ಡಾರ್ನ್‌ಬುಶ್ 1976ರಲ್ಲೇ ತೋರಿಸಿದ್ದರು. ಅವರ ವಾದದ ತಿರುಳನ್ನು ಸಣ್ಣ ಲೆಕ್ಕದಲ್ಲಿ ಹೇಳುತ್ತೇನೆ. ದೇಶ 'ಅ' ಬಡ್ಡಿಯನ್ನು ದೇಶ 'ಬ'ಗಿಂತ 4% ಜಾಸ್ತಿ ಮಾಡುತ್ತದೆ. ಮೂರು ವರ್ಷ ಹಾಗೇ ಇರುತ್ತದೆ ಎಂದು ಎಲ್ಲರೂ ನಂಬುತ್ತಾರೆ. ಆಮೇಲೆ ದರ ಎಲ್ಲಿ ನಿಲ್ಲಬೇಕು ಎನ್ನುವುದು ಬದಲಾಗಿಲ್ಲ ಅಂತಲೂ ಇಟ್ಟುಕೊಳ್ಳಿ. 'ಅ'ದಲ್ಲಿ ಹಣ ಇಟ್ಟವನಿಗೆ ಮೂರು ವರ್ಷದಲ್ಲಿ ಸುಮಾರು 12% ಹೆಚ್ಚುವರಿ ಬಡ್ಡಿ. ಅದು ಪುಕ್ಕಟೆ ಸಿಗುವ ಹಾಗಿದ್ದರೆ ಎಲ್ಲರೂ 'ಅ'ಗೇ ಓಡುತ್ತಾರೆ. ಆ ಓಟ ನಿಲ್ಲುವುದು ಯಾವಾಗ? ಆ ಕರೆನ್ಸಿ ಮುಂದೆ ವರ್ಷಕ್ಕೆ 4% ಇಳಿಯುತ್ತದೆ ಎಂದು ಜನ ನಿರೀಕ್ಷಿಸಿದಾಗ. ಬಡ್ಡಿಯಲ್ಲಿ ಬಂದದ್ದು ದರದಲ್ಲಿ ಹೋಗುತ್ತದೆ, ಲೆಕ್ಕ ಸಮ. ಆದರೆ ಮುಂದೆ ಇಳಿಯಬೇಕಾದರೆ ಮೊದಲು ಮೇಲೆ ಹೋಗಿರಬೇಕು. ಹಾಗಾಗಿ ಬಡ್ಡಿಯ ಸುದ್ದಿ ಬಂದ ದಿನವೇ ದರ 12% ಹಾರುತ್ತದೆ.

ಗಮನಿಸಿ, ಆ ದಿನ ಯಾವ ಅಂಗಡಿಯಲ್ಲೂ ಒಂದು ಬೆಲೆಯೂ ಬದಲಾಗಿಲ್ಲ. ಪಿಪಿಪಿಯಿಂದ 12% ದೂರ ಹೋಗಿದ್ದು ಒಂದೇ ಮಧ್ಯಾಹ್ನದಲ್ಲಿ. ವಾಪಸು ಬರುವುದು ಮೂರು ವರ್ಷದಲ್ಲಿ. ಅಷ್ಟರೊಳಗೆ ಬಡ್ಡಿಯ ಬಗ್ಗೆ ಇನ್ನೊಂದು ಸುದ್ದಿ ಬಂದರೆ ಮತ್ತೊಂದು ಜಿಗಿತ. ನಿಜ ಜೀವನದಲ್ಲಿ ದರಗಳು ಇಷ್ಟು ಶಿಸ್ತಾಗಿ ಇಳಿದು ಬರುವುದಿಲ್ಲ. 1980ರ ದಶಕದ ಡಾಲರ್ ಅನ್ನೇ ನೋಡಿ, ಒಂದೇ ಸಲ ಹಾರಿ ಇಳಿಯಲಿಲ್ಲ, ವರ್ಷಗಟ್ಟಲೆ ಏರುತ್ತಲೇ ಹೋಯಿತು. ಅದನ್ನು ಈ ಮಾದರಿ ಪೂರ್ತಿ ವಿವರಿಸುವುದಿಲ್ಲ. ಆದರೆ ದರ ಹಾರುತ್ತದೆ, ಬೆಲೆ ತೆವಳುತ್ತದೆ ಎನ್ನುವ ಮೂಲ ಮಾತು ಗಟ್ಟಿ.

ಹಾಗಾದರೆ ಅಂತರ ಮುಚ್ಚಲು ಎಷ್ಟು ಹೊತ್ತು? ಅರ್ಥಶಾಸ್ತ್ರಜ್ಞ ಕೆನೆತ್ ರೋಗಾಫ್ 1996ರಲ್ಲಿ ಆವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿ ಹೇಳಿದ್ದು: ಅಂತರ ಅರ್ಧಕ್ಕೆ ಇಳಿಯಲು ಮೂರರಿಂದ ಐದು ವರ್ಷ. ಪೂರ್ತಿ ಮುಚ್ಚಲು ಅಲ್ಲ, ಅರ್ಧಕ್ಕೆ.

ಇದನ್ನು ನಿಮ್ಮ ಎಂಟು ತಿಂಗಳಿಗೆ ತರೋಣ. ವಿಶ್ವಬ್ಯಾಂಕಿನ ಅಂಕಿ ಪಕ್ಕಕ್ಕಿಡಿ. ಕ್ಷೌರ, ಬಾಡಿಗೆ ಎಲ್ಲ ಕಳೆದ ಮೇಲೂ ನಿಮ್ಮ ಕರೆನ್ಸಿ ನಿಜಕ್ಕೂ 20% ಅಗ್ಗ ಇದೆ ಎಂದುಕೊಳ್ಳಿ. ಅರ್ಧಕ್ಕೆ ಇಳಿಯಲು ನಾಲ್ಕು ವರ್ಷವಾದರೆ ಎಂಟು ತಿಂಗಳಲ್ಲಿ ಮುಚ್ಚುವುದು ಸುಮಾರು 2%. ಅದೂ ಪೂರ್ತಿ ವಿನಿಮಯ ದರದಿಂದಲೇ ಬರಬೇಕೆಂದಿಲ್ಲ. ನಿಮ್ಮ ದೇಶದಲ್ಲಿ ಬೆಲೆಗಳು ಬೇಗ ಏರಿದರೂ ಅಂತರ ಮುಚ್ಚುತ್ತದೆ, ದರ ಇದ್ದಲ್ಲೇ ಇರುತ್ತದೆ. ಇನ್ನೊಂದು ಕಡೆ, ಮುಕ್ತವಾಗಿ ತೇಲುವ ಕರೆನ್ಸಿ ಒಂದು ವರ್ಷದಲ್ಲಿ 10% ಆಚೀಚೆ ಹೋಗುವುದು ಮಾಮೂಲು. 2% ಎಳೆತವನ್ನು ನಂಬಿ 10% ಗಾಳಿಯಲ್ಲಿ ದೋಣಿ ಬಿಟ್ಟ ಹಾಗೆ. ನಾನು ವೃತ್ತಿಗೆ ಬಂದ ಹೊಸದರಲ್ಲಿ, ಆಗಿದ್ದ ಬ್ಯಾಂಕಿನಲ್ಲಿ, ಒಬ್ಬ ಗಿರಾಕಿಗೆ ಇದೇ ಗ್ರಾಫ್ ತೋರಿಸಿ ಧೈರ್ಯ ತುಂಬಿದ್ದೆ. ಆರು ತಿಂಗಳಲ್ಲಿ ದರ ಉಲ್ಟಾ ಹೊಡೆಯಿತು. ಅವರು ಬೈಯಲಿಲ್ಲ, ಆದರೆ ಆಮೇಲೆ ನನ್ನ ಫೋನ್ ಎತ್ತಲೂ ಇಲ್ಲ.

ಹಾಗಂತ ನಿಮ್ಮ ಮಾಲೀಕರ ತೀರ್ಮಾನ ತಪ್ಪು ಅಂತ ನಾನು ಹೇಳುತ್ತಿಲ್ಲ. ಕಾರಣ ತಪ್ಪು. ಡಾಲರನ್ನು ಮುಂಚಿತವಾಗಿ ಮಾರುವುದಕ್ಕೆ ಒಳ್ಳೆಯ ಕಾರಣ ಬೇರೆ ಇರಬಹುದು. ನಿಮ್ಮ ಲಾಭದ ಅಂಚು 6% ಇದ್ದು, ದರ 10% ಆಡುವ ಹಾಗಿದ್ದರೆ, ಒಂದೇ ಆರ್ಡರು ನಿಮ್ಮನ್ನು ನಷ್ಟಕ್ಕೆ ತಳ್ಳಬಹುದು. ಆಗ ಫಾರ್ವರ್ಡ್ ಒಪ್ಪಂದ ಮಾಡಿಕೊಳ್ಳಿ. ಎಂಟು ತಿಂಗಳ ನಂತರದ ದರವನ್ನು ಇವತ್ತೇ ಬ್ಯಾಂಕಿನೊಂದಿಗೆ ಗೊತ್ತುಮಾಡಿಕೊಳ್ಳುವುದು. ಆ ದರ 'ಇವತ್ತಿನ ದರ' ಅಲ್ಲ ಎನ್ನುವುದನ್ನು ಮಾಲೀಕರಿಗೆ ಹೇಳಿ. ಅದು ಎರಡು ದೇಶಗಳ ಬಡ್ಡಿಯ ವ್ಯತ್ಯಾಸದಿಂದ ಹುಟ್ಟುತ್ತದೆ. ನಿಮ್ಮಲ್ಲಿ ಬಡ್ಡಿ ವರ್ಷಕ್ಕೆ 3% ಜಾಸ್ತಿ ಇದ್ದರೆ ಎಂಟು ತಿಂಗಳ ಡಾಲರಿಗೆ ಇವತ್ತಿಗಿಂತ ಸುಮಾರು 2% ಹೆಚ್ಚೇ ಸಿಗುತ್ತದೆ, ಬ್ಯಾಂಕಿನ ಕಮಿಷನ್ ಕಳೆದು. ಅದು ಯಾರ ಭವಿಷ್ಯವಾಣಿಯೂ ಅಲ್ಲ, ಬರೀ ಬಡ್ಡಿ ಲೆಕ್ಕ.

ಇದರ ಅಪಾಯ ಎರಡು. ದರ ನಿಮ್ಮ ಪರವಾಗಿ ಹೋದರೆ ಆ ಲಾಭ ನಿಮಗಿಲ್ಲ. ಇದು ಹೊಟ್ಟೆ ಉರಿಸುತ್ತದೆ, ಆದರೆ ಕಂಪನಿಯನ್ನು ಮುಳುಗಿಸುವುದಿಲ್ಲ. ಎರಡನೆಯದು ಮುಳುಗಿಸಬಹುದು. ನಿಮ್ಮ ಗಿರಾಕಿ ಆರ್ಡರ್ ರದ್ದು ಮಾಡಿದರೆ ಅಥವಾ ದುಡ್ಡು ತಡವಾಗಿ ಕಳಿಸಿದರೆ, ಕೈಯಲ್ಲಿಲ್ಲದ ಡಾಲರನ್ನು ನೀವು ಬ್ಯಾಂಕಿಗೆ ಕೊಡಬೇಕು. ಅದನ್ನು ಅವತ್ತಿನ ದರಕ್ಕೆ ಕೊಂಡು ಕೊಡಬೇಕು. ಅದಕ್ಕೇ ಪೂರ್ತಿ ಮೊತ್ತವನ್ನು ಕಟ್ಟಿಹಾಕುವುದು ನನಗೆ ಇಷ್ಟವಿಲ್ಲ. ಖಂಡಿತ ಬರುವ ಭಾಗಕ್ಕೆ ಫಾರ್ವರ್ಡ್, ಉಳಿದದ್ದನ್ನು ಬಂದ ಹಾಗೆ ಮಾರುವುದು, ಇದು ನಾನು ಹೆಚ್ಚಾಗಿ ಹೇಳುವ ದಾರಿ. ಉಳಿದ ಭಾಗದ ಬಗ್ಗೆಯೂ ಭಯವಿದ್ದರೆ ಆಪ್ಷನ್ ಕೊಳ್ಳಬಹುದು. ಅದು ವಿಮೆಯ ಹಾಗೆ, ಮಾರುವ ಹಕ್ಕು ಇರುತ್ತದೆ, ಮಾರಲೇಬೇಕೆಂಬ ಕಟ್ಟುಪಾಡು ಇರುವುದಿಲ್ಲ. ಆದರೆ ಪ್ರೀಮಿಯಂ ಮೊದಲೇ ಕಟ್ಟಬೇಕು, ಸಣ್ಣ ಲಾಭದ ವ್ಯವಹಾರಕ್ಕೆ ಅದು ಭಾರ. ಏನೂ ಮಾಡದೆ ಕೂರುವುದೂ ಒಂದು ದಾರಿಯೇ. ನಿಮ್ಮ ಕಚ್ಚಾವಸ್ತುವಿನ ಖರ್ಚೂ ಡಾಲರಿನಲ್ಲೇ ಇದ್ದರೆ ಬರುವ ಡಾಲರನ್ನು ಅದಕ್ಕೇ ಕೊಡಬಹುದು. ಆಗ ಫಾರ್ವರ್ಡ್ ಬೇಕಾಗಿರುವುದು ಮಿಕ್ಕ ಮೊತ್ತಕ್ಕೆ ಮಾತ್ರ.

ಬ್ಯಾಂಕಿಗೆ ಹೋಗುವ ಮೊದಲು ಎರಡು ವಿಷಯ ಬರೆದುಕೊಂಡು ಹೋಗಿ. ದರ ಎಷ್ಟು ಕೆಳಗಿಳಿದರೆ ಈ ಆರ್ಡರಿನಲ್ಲಿ ನಿಮಗೆ ಲಾಭ ಉಳಿಯುವುದಿಲ್ಲ ಎನ್ನುವುದು ಒಂದು. ಈ ಗಿರಾಕಿ ಹಿಂದೆ ಎಷ್ಟು ಸಲ, ಎಷ್ಟು ದಿನ ತಡವಾಗಿ ದುಡ್ಡು ಕೊಟ್ಟಿದ್ದಾರೆ ಎನ್ನುವುದು ಇನ್ನೊಂದು. ಅಲ್ಲಿ ಕೇಳಬೇಕಾದದ್ದು ಕರೆನ್ಸಿ ಏರುತ್ತದಾ ಇಳಿಯುತ್ತದಾ ಅಂತ ಅಲ್ಲ. ಎಂಟು ತಿಂಗಳ ಫಾರ್ವರ್ಡ್ ದರ ಎಷ್ಟು, ದುಡ್ಡು ಎರಡು ತಿಂಗಳು ತಡವಾದರೆ ಒಪ್ಪಂದ ಮುಂದೂಡಲು ಎಷ್ಟು ಖರ್ಚಾಗುತ್ತದೆ, ಇವೆರಡನ್ನು ಕೇಳಿ. ಎರಡನ್ನೂ ಬರಹದಲ್ಲೇ ತೆಗೆದುಕೊಳ್ಳಿ.